ಪಾನಿಪುರಿ ಗಾಡಿಯ ಗ್ಲೌಸ್

(ತುಮಕೂರಿನಲ್ಲಿ ಬೀದಿ ವ್ಯಾಪಾರಿಗಳು, ಹೋಟೆಲ್ ಕೆಲಸಗಾರರು, ಹಾಸ್ಟೆಲ್ ಅಡುಗೆಯವರು ಸೇರಿದ್ದ ಸಭೆಯಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಜೆ ವ್ಯಾಪಾರದ ಹೊತ್ತು ಬಿಟ್ಟು ಬಂದಿದ್ದೀರಿ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂತಿರುವ ಅಣ್ಣ, ಸ್ವಲ್ಪ ಮೇಲೆ ಬನ್ನಿ. ಈ ತಟ್ಟೆಯಲ್ಲಿ ಕುಂಕುಮ ಇದೆ. ಅದರಲ್ಲಿ ಬೆರಳು ಅದ್ದಿ. ಕೈ ತೊಳೆಯದೆ ಬಂದಿದ್ದೀರಿ ಅಂತ ಅಂದುಕೊಳ್ಳೋಣ, ಕುಂಕುಮವೇ ಕೊಳೆ. ಈಗ ಈ ಡಬ್ಬದಿಂದ ಗ್ಲೌಸ್ ತೆಗೆದು, ದಿನಾ ಹೇಗೆ ಹಾಕಿಕೊಳ್ತೀರೋ ಹಾಗೇ ಹಾಕಿಕೊಳ್ಳಿ.

ಆಯ್ತಾ? ಎರಡೂ ಕೈ ಎತ್ತಿ ಎಲ್ಲರಿಗೂ ತೋರಿಸಿ. ಗ್ಲೌಸಿನ ಹೊರಗಡೆ ನೋಡಿ. ಬೆರಳ ತುದಿಯಲ್ಲಿ, ಅಂಗೈಯಲ್ಲಿ, ಮಣಿಕಟ್ಟಿನ ಹತ್ತಿರ ಕೆಂಪು ಗುರುತು. ಡಬ್ಬದ ಬಾಯಿ ನೋಡಿ, ಅಲ್ಲೂ ಕೆಂಪು. ಡಬ್ಬದೊಳಗೆ ಮೇಲಿರುವ ಇನ್ನೊಂದು ಗ್ಲೌಸಿಗೂ ತಾಗಿದೆ. ಇನ್ನೂ ಒಂದು ಪುರಿ ಕೂಡ ಮುಟ್ಟಿಲ್ಲ ನಾವು. ತೊಳೆಯದ ಕೈಯಲ್ಲಿ ಗ್ಲೌಸ್ ಹಾಕಿದರೆ ಹಾಕುವಾಗಲೇ ಅದರ ಹೊರಮೈ ಕೊಳೆಯಾಗುತ್ತದೆ. ಇದು ಒಂದು.

ಇವತ್ತು ನಾನು ಎಲ್ಲಾ ತರಹದ ಅಡುಗೆಮನೆ ಬಗ್ಗೆ ಹೇಳಲ್ಲ. ಒಂದೇ ಒಂದು ಗಾಡಿ ತೆಗೆದುಕೊಳ್ತೀನಿ, ಪಾನಿಪುರಿ ಗಾಡಿ. ಗ್ಲೌಸಿನ ಒಳ್ಳೆಯದು, ಕೆಟ್ಟದ್ದು ಎರಡೂ ಅಲ್ಲಿ ಚೆನ್ನಾಗಿ ಕಾಣುತ್ತದೆ. ಪಾನಿಪುರಿ ಮಾರುವವರು ಬೇಜಾರು ಮಾಡಿಕೊಳ್ಳಬೇಡಿ. ಹೋಟೆಲ್ ಕೌಂಟರಿನಲ್ಲಿ ನಡೆಯುವುದೂ ಇದೇ, ಅಲ್ಲಿ ಗೋಡೆ ಅಡ್ಡ ಇರುತ್ತದೆ ಅಷ್ಟೇ.

ಬಿ.ಹೆಚ್. ರಸ್ತೆ ಕಡೆಯ ಒಂದು ಗಾಡಿ ಅಂತ ಇಟ್ಟುಕೊಳ್ಳಿ. ಸಂಜೆ 4 ಗಂಟೆಗೆ ಶುರು, ರಾತ್ರಿ 9ಕ್ಕೆ ಮುಗಿಯುತ್ತದೆ. ಗಾಡಿಯವನು ತೆಳು ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಳ್ತಾನೆ, ನೂರರ ಕಟ್ಟಿನಲ್ಲಿ ಬರುತ್ತಲ್ಲ, ಆ ಸಡಿಲವಾದದ್ದು. ಗಿರಾಕಿ ನೋಡಿ, "ಇಲ್ಲಿ ನೀಟಾಗಿದೆ" ಅಂತ ನಿಲ್ಲುತ್ತಾನೆ. ಈಗ ಆ ಬಲಗೈಯನ್ನು ಮಾತ್ರ ನೋಡ್ತಾ ಹೋಗೋಣ. ಚೀಲದಿಂದ ಪುರಿ ತೆಗೆಯಿತು. ಹೆಬ್ಬೆರಳಿನಿಂದ ತೂತು ಮಾಡಿತು. ಬೇಯಿಸಿದ ಆಲೂಗಡ್ಡೆ ಚಿವುಟಿ ತುಂಬಿತು. ಪುರಿ ಸಮೇತ ಪಾನಿಯೊಳಗೆ ಮುಳುಗಿ ಎದ್ದು ಬಂತು. ಗಿರಾಕಿ 50 ರೂಪಾಯಿ ನೋಟು ಕೊಟ್ಟ, ತೆಗೆದುಕೊಂಡಿತು, ಚಿಲ್ಲರೆ ಹುಡುಕಿ ಕೊಟ್ಟಿತು. ಫೋನ್ ಬಂತು, ಎತ್ತಿತು. ಬಟ್ಟೆಯಲ್ಲಿ ಗಾಡಿ ಒರೆಸಿತು. ಬೆವರು ಬಂತು, ಹಣೆ ಒರೆಸಿಕೊಂಡಿತು. ಸ್ಟೌವಿನ ನಾಬ್ ತಿರುಗಿಸಿತು. ಮತ್ತೆ ಪುರಿ, ಮತ್ತೆ ಆಲೂಗಡ್ಡೆ, ಮತ್ತೆ ಪಾನಿ.

ಬರಿಗೈ ಆಗಿದ್ದರೆ ಇದೇ ಕೆಲಸಗಳ ನಡುವೆ ಅವನಿಗೆ ಒಂದು ಕಿರಿಕಿರಿ ಆಗುತ್ತಿತ್ತು. ಬೆರಳಿಗೆ ಆಲೂಗಡ್ಡೆ ಅಂಟಿದೆ, ಪಾನಿಯ ಖಾರ ಚುರುಚುರು ಅನ್ನುತ್ತಿದೆ, ನೋಟು ಹಿಡಿದರೆ ಒದ್ದೆಯಾಗುತ್ತದೆ. ಆ ಕಿರಿಕಿರಿಯೇ ಅವನನ್ನು ನೀರಿನ ಹತ್ತಿರ ಕಳಿಸುತ್ತಿತ್ತು. ಗ್ಲೌಸ್ ಆ ಕಿರಿಕಿರಿಯನ್ನು ತೆಗೆದುಬಿಡುತ್ತದೆ. ಒಳಗಿನ ಕೈಗೆ ಏನೂ ಗೊತ್ತಾಗಲ್ಲ. ಹೊರಗಿನ ಗ್ಲೌಸಿಗೆ ನೋವಿಲ್ಲ, ಅಂಟಿಲ್ಲ, ಉರಿಯಿಲ್ಲ. ಹಾಗಾಗಿ "ನನ್ನ ಕೈ ಕ್ಲೀನಾಗಿದೆ" ಅಂತ ಅನ್ನಿಸುತ್ತದೆ. ಆ ಅನ್ನಿಸಿಕೆ ನಿಜವೇ. ಅವನ ಕೈ ಕ್ಲೀನಾಗಿಯೇ ಇದೆ, ಕೊಳೆಯಾಗಿರುವುದು ಗಿರಾಕಿಯ ಪುರಿ!

ಇದು ನನ್ನ ಊಹೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹೋಟೆಲ್ ಅಡುಗೆಮನೆಗಳಲ್ಲಿ ನಿಂತು, ಕೆಲಸಗಾರರು ಯಾವಾಗ ಕೈ ತೊಳೆಯುತ್ತಾರೆ ಅಂತ ಗಮನಿಸಿದರು. ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಗ್ಲೌಸ್ ಹಾಕಿ ಮಾಡುವ ಕೆಲಸಗಳ ಹೊತ್ತಿನಲ್ಲಿ ಕೈ ತೊಳೆಯುವುದು ಕಡಿಮೆಯೇ ಇತ್ತು.

ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗ್ತೀನಿ. ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ಬಂದ ಕಥೆಯೂ ಇದೇ ದಿಕ್ಕಿನದು. 1890ರ ಆಸುಪಾಸಿನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನುವ ನರ್ಸ್ ಇದ್ದರು. ಕೈ ತೊಳೆಯಲು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಅವರ ಕೈ ಸುಟ್ಟಂತಾಗುತ್ತಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅವರಿಗಾಗಿ ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. ಅಂದರೆ ಮೊದಲು ಹಾಕಿದ್ದು ಹಾಕಿಕೊಂಡವರ ಕೈ ಉಳಿಸಲು. ರೋಗಿಗೂ ಇದರಿಂದ ಒಳ್ಳೆಯದಾಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ನೀವು ಹಸಿಮೆಣಸಿನಕಾಯಿ ಹೆಚ್ಚುವಾಗ ಗ್ಲೌಸ್ ಹಾಕಿಕೊಳ್ತೀರಲ್ಲ, ಅದೂ ನಿಮಗಾಗಿಯೇ. ತಪ್ಪಿಲ್ಲ. ಆದರೆ ಅದೇ ಗ್ಲೌಸ್ ತಿನ್ನುವವರನ್ನೂ ಕಾಪಾಡುತ್ತದೆ ಅಂತ ಅಂದುಕೊಳ್ಳಬಾರದು.

ಈಗ ಆಲೂಗಡ್ಡೆ. ಗಾಡಿಯಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ಅದೇ. ಸ್ಟ್ಯಾಫಿಲೋಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಆರೋಗ್ಯವಾಗಿರುವ ಎಷ್ಟೋ ಜನರ ಮೂಗಿನಲ್ಲಿ ಅದು ಇರುತ್ತದೆ, ಅವರಿಗೆ ಏನೂ ತೊಂದರೆ ಮಾಡಲ್ಲ. ಮೂಗು ಮುಟ್ಟಿದರೆ ಕೈಗೆ ಬರುತ್ತದೆ. ಕೀವು ತುಂಬಿದ ಗಾಯದಲ್ಲಂತೂ ಲೆಕ್ಕವಿಲ್ಲದಷ್ಟು ಇರುತ್ತದೆ. ಹಸಿ ಪದಾರ್ಥದಲ್ಲಿ ಬೇರೆ ಬ್ಯಾಕ್ಟೀರಿಯಾಗಳ ಜೊತೆ ಪೈಪೋಟಿ ಮಾಡಿ ಗೆಲ್ಲುವುದು ಇದಕ್ಕೆ ಕಷ್ಟ. ಆದರೆ ಬೇಯಿಸಿದ ಆಲೂಗಡ್ಡೆಯಲ್ಲಿ ಪೈಪೋಟಿಗೆ ಹೆಚ್ಚು ಯಾರೂ ಉಳಿದಿಲ್ಲ, ಬೇಯಿಸುವಾಗ ಬಹುಪಾಲು ಸತ್ತಿವೆ. ಮೇಲಾಗಿ ಒದ್ದೆ ಇದೆ, ಬೆಚ್ಚಗಿದೆ. ನಾವು ಹಾಕುವ ಉಪ್ಪಿಗೂ ಇದು ಬಗ್ಗಲ್ಲ.

ಸುಮ್ನೆ ಒಂದು ಲೆಕ್ಕ ಮಾಡೋಣ. ಮಧ್ಯಾಹ್ನ 2 ಗಂಟೆಗೆ ಆಲೂಗಡ್ಡೆ ಬೇಯಿಸಿ, ಸಿಪ್ಪೆ ತೆಗೆದು, ಕೈಯಲ್ಲಿ ಕಿವುಚಿದಿರಿ. ಕೈಯಿಂದ ಗ್ರಾಂಗೆ 100 ಬ್ಯಾಕ್ಟೀರಿಯಾ ಸೇರಿತು ಅಂತ ಇಟ್ಟುಕೊಳ್ಳಿ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅವು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತವೆ. ಆಮೇಲೆ ಏಪ್ರಿಲ್ ಸೆಖೆಯಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ ಅನ್ನೋಣ. 100 ಇದ್ದದ್ದು 200, 400, 800. ಹತ್ತು ಸಲ ಹೀಗೆ ಆದರೆ 1,02,400. ಅದಕ್ಕೆ ಬೇಕಾದದ್ದು ಐದು ಗಂಟೆ. ಗ್ರಾಂಗೆ ಲಕ್ಷದ ಹತ್ತಿರ ಬಂದಾಗ ಇದು ಬಿಡುವ ವಿಷ ವಾಂತಿ ಮಾಡಿಸುವ ಮಟ್ಟ ಮುಟ್ಟುತ್ತದೆ. ಹೊಂದಿಕೊಳ್ಳುವ ಹೊತ್ತನ್ನೂ ಸೇರಿಸಿದರೆ ರಾತ್ರಿ 8ರ ಸುಮಾರು. ನಿಮ್ಮ ಗಾಡಿಯಲ್ಲಿ ಜನ ತುಂಬಿರುವ ಹೊತ್ತೇ ಅದು.

ಇದರಲ್ಲಿ ಇನ್ನೊಂದು ಕಷ್ಟ ಇದೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದು ಬಿಟ್ಟ ವಿಷ ಸಾಯಲ್ಲ. ಆಲೂಗಡ್ಡೆಗೆ ವಾಸನೆ ಬರಲ್ಲ, ರುಚಿಯೂ ಬದಲಾಗಲ್ಲ. ತಿಂದವರಿಗೆ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಜ್ವರ ಸಾಮಾನ್ಯವಾಗಿ ಇರಲ್ಲ. ಗಾಡಿಯಲ್ಲಿ ತಿಂದ ರಾತ್ರಿಯೇ ಹಲವರಿಗೆ ಒಟ್ಟಿಗೆ ಹೀಗಾದರೆ ಮೊದಲು ಬರಬೇಕಾದ ಅನುಮಾನ ಇದರ ಮೇಲೆ.

ಗ್ಲೌಸ್ ಇಲ್ಲಿ ಏನು ಮಾಡುತ್ತದೆ? ಸರಿಯಾಗಿ ಹಾಕಿದರೆ ತುಂಬಾ ಮಾಡುತ್ತದೆ. ತೊಳೆದು ಒರೆಸಿಕೊಂಡ ಕೈಗೆ ಹೊಸ ಗ್ಲೌಸ್ ಹಾಕಿ, ಆಲೂಗಡ್ಡೆ ಕಿವುಚಿ, ಅಲ್ಲೇ ತೆಗೆದು ಬಿಸಾಡಿದರೆ ಶುರುವಿನ ಆ 100 ಬಹಳ ಕಡಿಮೆಯಾಗುತ್ತದೆ. ಒಂದು ಕೆಲಸ, ಒಂದು ಗ್ಲೌಸ್. ಆದರೆ 4ರಿಂದ 9ರವರೆಗೆ ಒಂದನ್ನೇ ಹಾಕಿಕೊಂಡರೆ ಒಳಗೆ ಬೇರೆಯೇ ನಡೆಯುತ್ತದೆ. ಕೈ ಬೆವರುತ್ತದೆ. ಚರ್ಮದ ಒಳಗಿದ್ದ ಬ್ಯಾಕ್ಟೀರಿಯಾ ಮೇಲೆ ಬಂದು ಆ ಬೆವರಿನಲ್ಲಿ ಬೆಳೆಯುತ್ತದೆ. ಅದು ಒಳಗೇ ಉಳಿದಿದ್ದರೆ ಪರವಾಗಿರಲಿಲ್ಲ.

ಆದರೆ ಪಾನಿಪುರಿಯವನ ಕೈ ನೀರಿಗೆ ಇಳಿಯುತ್ತದೆ ಅಲ್ವಾ? ಸಡಿಲ ಗ್ಲೌಸಿನ ಬಾಯಿ ಮಣಿಕಟ್ಟಿನ ಹತ್ತಿರ ತೆರೆದೇ ಇರುತ್ತದೆ. ಕೈ ಸ್ವಲ್ಪ ಆಳಕ್ಕೆ ಹೋದರೆ ಪಾನಿ ಒಳಗೆ ನುಗ್ಗುತ್ತದೆ. ಬೆವರಿನ ಜೊತೆ ಬೆರೆಯುತ್ತದೆ. ಮುಂದಿನ ಪುರಿಗೆ ಕೈ ಇಳಿಸಿದಾಗ ಅದೇ ನೀರು ಪಾತ್ರೆಗೆ ವಾಪಸ್ ಬರುತ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ವ್ಯಾಪಾರ ಮುಗಿದ ಮೇಲೆ ಗ್ಲೌಸ್ ತೆಗೆಯುವ ಮೊದಲು ಕೈಯನ್ನು ಒಂದು ಖಾಲಿ ಲೋಟದ ಮೇಲೆ ಕೆಳಮುಖವಾಗಿ ಹಿಡಿದು ಹಿಂಡಿ. ಏನು ಬೀಳುತ್ತದೆ ನೋಡಿ.

ತೂತು ಪರೀಕ್ಷೆಯೂ ಸುಲಭ. ಹೊಸ ಗ್ಲೌಸಿಗೆ ನೀರು ತುಂಬಿ, ಬಾಯಿ ತಿರುಚಿ ಹಿಡಿದು, ಮೆಲ್ಲಗೆ ಒತ್ತಿ. ಬೆರಳ ಸಂದಿಯಲ್ಲೋ ತುದಿಯಲ್ಲೋ ಸೂಜಿಯಷ್ಟು ಸಣ್ಣ ಧಾರೆ ಬಂದರೆ ತೂತು ಇದೆ. ಪ್ಲಾಸ್ಟಿಕ್ ಹಾಳೆಯ ಗ್ಲೌಸಿನಲ್ಲಿ ಅಂಚು ಅಂಟಿಸಿರುತ್ತಾರೆ, ಅಲ್ಲಿ ಬಿಡುವುದು ಜಾಸ್ತಿ. ಉಗುರು, ಉಂಗುರ ಇದ್ದರೆ ಹಾಕುವಾಗಲೇ ಹರಿಯುತ್ತದೆ. ಕೈಗೆ ಹೊಂದುವ ನೈಟ್ರೈಲ್ ಗ್ಲೌಸ್ ಗಟ್ಟಿ, ಬೆಲೆಯೂ ಜಾಸ್ತಿ. ರಬ್ಬರಿನದು ಕೆಲವರಿಗೆ ಅಲರ್ಜಿ ಮಾಡುತ್ತದೆ, ಹಾಕಿದವರಿಗೆ ಮಾತ್ರ ಅಲ್ಲ, ತಿನ್ನುವವರಿಗೂ ತೊಂದರೆ ಆಗಬಹುದು. ಗೋಬಿ ಮಾಡುವವರಿಗೆ, ತವಾ ಮುಂದೆ ನಿಲ್ಲುವವರಿಗೆ ಒಂದು ಮಾತು: ಬೆಂಕಿಯ ಹತ್ತಿರ ಪ್ಲಾಸ್ಟಿಕ್ ಗ್ಲೌಸ್ ಬೇಡವೇ ಬೇಡ. ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇನ್ನು ಪಾನಿ. ಕಲಸಿದ ಮೇಲೆ ಅದು ಬೆಂಕಿ ಕಾಣಲ್ಲ. ಕುದಿಸಿ ಆರಿಸಿದ ನೀರೇ ಹಾಕಿರಬಹುದು, ಆದರೆ ಪುದೀನ, ಕೊತ್ತಂಬರಿ, ಕೈ ಎಲ್ಲಾ ಆಮೇಲೆ ಸೇರುತ್ತವೆ. ಹುಣಸೆ ಹುಳಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹುಳಿಗೆ ಸುಲಭವಾಗಿ ಸಾಯಲ್ಲ. ವೈರಸ್ ಅಲ್ಲಿ ಬೆಳೆಯಬೇಕಾಗಿಯೂ ಇಲ್ಲ. ಪಾತ್ರೆಗೆ ಸ್ವಲ್ಪ ಸೇರಿದರೆ ಸಾಕು, ನೀರೇ ಅದನ್ನು ಎಲ್ಲರಿಗೂ ಹಂಚುತ್ತದೆ.

ಮೇರಿ ಮ್ಯಾಲನ್ ಅಂತ ಒಬ್ಬ ಅಡುಗೆಯವಳು ನ್ಯೂಯಾರ್ಕಿನಲ್ಲಿ ಇದ್ದಳು. 1906ರಲ್ಲಿ ಅವಳು ಕೆಲಸಕ್ಕಿದ್ದ ಮನೆಯಲ್ಲಿ 11 ಜನರಲ್ಲಿ 6 ಜನಕ್ಕೆ ಟೈಫಾಯ್ಡ್ ಬಂತು. ಅವಳಿಗೆ ಜ್ವರವೂ ಇಲ್ಲ, ಸುಸ್ತೂ ಇಲ್ಲ. ಆದರೆ ಅವಳ ಮಲದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಹೋಗುತ್ತಲೇ ಇತ್ತು. ತನಿಖೆ ಮಾಡಿದ ಜಾರ್ಜ್ ಸೋಪರ್‌ಗೆ ಒಂದು ಪ್ರಶ್ನೆ ಕಾಡಿತು. ಅಡುಗೆಯನ್ನು ಬೇಯಿಸಿಯೇ ಬಡಿಸುತ್ತಿದ್ದಳಲ್ಲ, ಹರಡಿದ್ದು ಹೇಗೆ? ಅವನ ಅನುಮಾನ ಹೋಗಿ ನಿಂತದ್ದು ಅವಳು ಮಾಡುತ್ತಿದ್ದ ಐಸ್‌ಕ್ರೀಮ್ ಮೇಲೆ. ಅದರಲ್ಲಿ ಹಸಿ ಪೀಚ್ ಹಣ್ಣು ಹೆಚ್ಚಿ ಹಾಕುತ್ತಿದ್ದಳು. ಕೈ ಮುಟ್ಟಿದ ಮೇಲೆ ಅದಕ್ಕೆ ಬೆಂಕಿ ಇರಲಿಲ್ಲ.

ಗ್ಲೌಸ್ ಎಲ್ಲಿ ಬೇಕು ಅನ್ನುವುದು ಈ ಕಥೆಯಿಂದಲೇ ಗೊತ್ತಾಗುತ್ತದೆ. ಸಾಂಬಾರಿಗೆ ಕುಂಬಳಕಾಯಿ ಹೆಚ್ಚುವ ಹಾಸ್ಟೆಲ್ ಅಕ್ಕನಿಗೆ ಗ್ಲೌಸ್ ಯಾಕೆ? ಅದು ಇನ್ನೂ ಕೊತಕೊತ ಕುದಿಯಬೇಕು. ತೊಳೆದ ಕೈ ಸಾಕು. ಅದೇ ಅಕ್ಕ ಊಟಕ್ಕೆ ಮೊದಲು ಸೌತೆಕಾಯಿ ಹೆಚ್ಚಿ ತಟ್ಟೆಗೆ ಹಾಕುತ್ತಾರಲ್ಲ, ಅಲ್ಲಿ ಗ್ಲೌಸ್ ಕೆಲಸಕ್ಕೆ ಬರುತ್ತದೆ. ನಾನು ನೋಡಿದ ಬಹಳ ಅಡುಗೆಮನೆಗಳಲ್ಲಿ ಇದು ತಿರುಗುಮುರುಗು. ಬೆಳಿಗ್ಗೆ ಹಸಿ ತರಕಾರಿಗೆ ಗ್ಲೌಸ್, ಮಧ್ಯಾಹ್ನ ಬಡಿಸುವ ಹೊತ್ತಿಗೆ ಬರಿಗೈ. ಅಥವಾ ಇನ್ನೂ ಕೆಟ್ಟದ್ದು, ಬೆಳಗಿನ ಅದೇ ಗ್ಲೌಸ್.

ಬೆರಳು ಕೊಯ್ದುಕೊಂಡಾಗ ಗ್ಲೌಸ್ ನಿಜವಾಗಲೂ ಬೇಕು. ಮೊದಲು ನೀರು ಒಳಗೆ ಹೋಗದ ಬ್ಯಾಂಡೇಜ್, ಅದರ ಮೇಲೆ ಗ್ಲೌಸ್. ಬ್ಯಾಂಡೇಜ್ ಉದುರಿ ಊಟಕ್ಕೆ ಬೀಳದಂತೆಯೂ ಅದು ತಡೆಯುತ್ತದೆ. ಗಾಯ ಕೀವಾಗಿದ್ದರೆ ಮಾತ್ರ ಗ್ಲೌಸ್ ನಂಬಬೇಡಿ. ಆ ದಿನ ಆಹಾರ ಮುಟ್ಟದ ಕೆಲಸ ಮಾಡಿ.

ಸರಿ, ಗಾಡಿಗೆ ವಾಪಸ್ ಬರೋಣ. ನಿಯಮದ ಪ್ರಕಾರ ಹಣ ಮುಟ್ಟಿದಾಗ, ಫೋನ್ ಮುಟ್ಟಿದಾಗ, ಮುಖ ಮುಟ್ಟಿದಾಗ ಗ್ಲೌಸ್ ಬದಲಿಸಿ, ನಡುವೆ ಕೈ ತೊಳೆಯಬೇಕು. ಗಂಟೆಗೆ ಮೂವತ್ತು ಪ್ಲೇಟ್ ಕೊಡುವವನಿಗೆ ಇದು ಆಗುವ ಮಾತಾ? ಆಗಲ್ಲ. ಹಾಗಾಗಿ ಗ್ಲೌಸ್ ಬದಲಿಸುವ ಪ್ರಮೇಯವೇ ಬರದಂತೆ ಕೆಲಸವನ್ನೇ ಬದಲಿಸಬೇಕು.

ಹೀಗೆ ಮಾಡಿ ನೋಡಿ. ಬಲಗೈಗೆ ಮಾತ್ರ ಗ್ಲೌಸ್. ಆ ಕೈ ಪುರಿ ಬಿಟ್ಟು ಬೇರೆ ಏನನ್ನೂ ಮುಟ್ಟಬಾರದು. ಪುರಿ ಹಿಡಿದು ಅದೇ ಕೈಯ ಹೆಬ್ಬೆರಳಿನಲ್ಲಿ ತೂತು ಮಾಡಿ. ಎಡಗೈ ಬರಿಗೈ. ಉದ್ದ ಹಿಡಿಯ ಚಮಚ ಹಿಡಿದು ಆಲೂಗಡ್ಡೆ ತುಂಬುವುದು ಎಡಗೈ. ಸೌಟಿನಲ್ಲಿ ಪಾನಿ ಹಾಕುವುದೂ ಎಡಗೈ. ನೋಟು, ಫೋನ್, ಒರೆಸುವ ಬಟ್ಟೆ ಎಲ್ಲಾ ಎಡಗೈ ಪಾಲು. ಎಡಗೈ ಮುಟ್ಟುವುದು ಚಮಚದ ಹಿಡಿಯನ್ನು ಮಾತ್ರ, ಆ ಹಿಡಿ ಪಾತ್ರೆಯೊಳಗೆ ಬೀಳಬಾರದು. ಅದಕ್ಕೆ ಪಕ್ಕದಲ್ಲಿ ಒಂದು ಸ್ಟ್ಯಾಂಡ್ ಇಡಿ. ಪಾನಿಗೆ ನಲ್ಲಿ ಇರುವ ಸ್ಟೀಲ್ ಕ್ಯಾನ್ ಇದ್ದರೆ ಸೌಟೂ ಬೇಡ. ಚಿಲ್ಲರೆಯನ್ನು ಡಬ್ಬದಲ್ಲಿಟ್ಟು ಗಿರಾಕಿಯೇ ತೆಗೆದುಕೊಳ್ಳಲಿ. ಕ್ಯೂಆರ್ ಕೋಡ್ ಇದ್ದರೆ ಇನ್ನೂ ಒಳ್ಳೆಯದು, ಹಣ ಬಂತು ಅಂತ ಅದರ ಜೊತೆಗಿನ ಸ್ಪೀಕರ್ ಡಬ್ಬಿಯೇ ಕೂಗಿ ಹೇಳುತ್ತದೆ, ಫೋನ್ ಮುಟ್ಟಬೇಕಿಲ್ಲ.

ಆಲೂಗಡ್ಡೆಯನ್ನು ಎರಡು ಸಲಕ್ಕೆ ಮಾಡಿ. ನಾಲ್ಕು ಗಂಟೆಗೆ ಬೇಕಾದಷ್ಟು ಒಂದು ಡಬ್ಬ. ಉಳಿದದ್ದನ್ನು ಸಿಪ್ಪೆ ತೆಗೆಯದೆ ಬಿಸಿಯಾಗಿಯೇ ಇಟ್ಟು, ಏಳು ಗಂಟೆಗೆ ಕಿವುಚಿಕೊಳ್ಳಿ. ಕೈ ಮುಟ್ಟಿದ ಮೇಲೆ ಕಳೆಯುವ ಹೊತ್ತು ಅರ್ಧ ಆಯಿತು. ಅಂದಹಾಗೆ ಗಾಡಿಯಲ್ಲಿ ನಾನು ಧೈರ್ಯವಾಗಿ ತಿನ್ನುವುದು ಮಸಾಲಪುರಿಯ ಬಟಾಣಿ. ಅದು ಸ್ಟೌ ಮೇಲೆ ಕುದಿಯುತ್ತಲೇ ಇರುತ್ತದೆ, ಸೌಟಿನಲ್ಲೇ ಬಡಿಸುತ್ತಾರೆ.

ಈಗ ಪ್ರಶ್ನೆ ಕೇಳಿ.

"ಸಾರ್, ಗ್ಲೌಸ್ ಮೇಲೇ ಸ್ಯಾನಿಟೈಸರ್ ಹಚ್ಕೊಂಡ್ರೆ ಆಗಲ್ವಾ?"

ಆಗಲ್ಲಮ್ಮ. ಎಣ್ಣೆ, ಆಲೂಗಡ್ಡೆ ಮೆತ್ತಿದ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ. ವಾಂತಿ ಭೇದಿ ಮಾಡಿಸುವ ನೋರೋವೈರಸ್‌ಗೆ ಅದು ಅಷ್ಟಾಗಿ ತಾಗುವುದೂ ಇಲ್ಲ. ಬಿಸಾಡುವ ಗ್ಲೌಸನ್ನು ತೊಳೆದು ಮತ್ತೆ ಹಾಕಿಕೊಳ್ಳುವುದೂ ಬೇಡ. ತೊಳೆದಾಗ ತೂತು ಜಾಸ್ತಿಯಾಗುತ್ತದೆ.

"ತೆಗೆಯೋದ್ರಲ್ಲಿ ಏನಾದ್ರೂ ಕ್ರಮ ಇದೆಯಾ?"

ಇದೆ. ಮಣಿಕಟ್ಟಿನ ಹತ್ತಿರ ಹೊರಮೈ ಹಿಡಿದು ಎಳೆಯಿರಿ, ಒಳಗಿನದು ಹೊರಗೆ ಬರುವ ಹಾಗೆ. ಎರಡೂ ಕೈಗೆ ಹಾಕಿದ್ದರೆ ತೆಗೆದದ್ದನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು, ಉಳಿದ ಗ್ಲೌಸಿನ ಒಳಗೆ ಬೆರಳು ತೂರಿಸಿ ಅದನ್ನೂ ಮಗುಚಿ. ಆಮೇಲೆ ಸೋಪು ಹಾಕಿ 20 ಸೆಕೆಂಡ್ ಉಜ್ಜಿ ಕೈ ತೊಳೆಯಿರಿ. ಒಣಗಿದ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಒದ್ದೆ ಕೈಯಿಂದ ಬ್ಯಾಕ್ಟೀರಿಯಾ ಸುಲಭವಾಗಿ ದಾಟುತ್ತದೆ. ಗಾಡಿ ಒರೆಸುವ ಬಟ್ಟೆ ಇದಕ್ಕೆ ಬೇಡ.

"ಭೇದಿ ಆಗ್ತಿದ್ರೆ ಡಬಲ್ ಗ್ಲೌಸ್ ಹಾಕ್ಕೊಂಡು ಅಂಗಡಿ ತೆಗೀಬಹುದಾ?"

ಬೇಡ. ಕಷ್ಟ ಗೊತ್ತು, ಒಂದು ದಿನದ ದುಡಿಮೆ ಹೋಗುತ್ತದೆ. ಆದರೆ ಭೇದಿ, ವಾಂತಿ ನಿಂತ ಮೇಲೂ ಎರಡು ದಿನ ಆಹಾರ ಮುಟ್ಟಬಾರದು. ಅಷ್ಟು ಹೊತ್ತಿನಲ್ಲಿ ಹೊರಗೆ ಬರುವ ವೈರಸ್ ಬಹಳ, ರೋಗ ಬರಿಸಲು ಬೇಕಾದದ್ದು ತುಂಬಾ ಸ್ವಲ್ಪ. ನಲ್ಲಿ, ಬಾಗಿಲ ಚಿಲಕ, ಪಾತ್ರೆಯ ಹಿಡಿ ಎಲ್ಲಾ ಕಡೆ ಅದು ಹೋಗುತ್ತದೆ, ಗ್ಲೌಸ್ ಎಷ್ಟು ಅಂತ ತಡೆಯುತ್ತದೆ? ಕಾನೂನು ಕೂಡ ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಟೈಫಾಯ್ಡ್‌ನಂತಹ ಕರುಳಿನ ರೋಗಗಳಿಗೆ ಲಸಿಕೆ ಕೇಳುತ್ತದೆ. ಅದನ್ನು ಕಾಗದಕ್ಕೆ ಅಂತ ಮಾಡಿಸಬೇಡಿ. ಮೇರಿಯಂಥವರು ಗೊತ್ತಾಗುವುದು ಪರೀಕ್ಷೆಯಲ್ಲೇ.

"ನೀವು ಹೇಳೋದೆಲ್ಲ ಸರಿ ಸಾರ್. ಆದ್ರೆ ಗ್ಲೌಸ್ ಕಾಣ್ಲಿಲ್ಲ ಅಂದ್ರೆ ಗಿರಾಕಿ ಪಕ್ಕದ ಗಾಡಿಗೆ ಹೋಗ್ತಾನೆ."

ಹೋಗಬಹುದು, ಸುಳ್ಳು ಹೇಳಲ್ಲ. ಅದಕ್ಕೇ ಬಲಗೈದು ಇರಲಿ ಅಂದೆ. ಅದರ ಜೊತೆ ಇನ್ನೊಂದು ಮಾಡಿ. ನಲ್ಲಿ ಇರುವ 20 ಲೀಟರ್ ಕ್ಯಾನು, ಸೋಪು, ಕೆಳಗೆ ಒಂದು ಬಕೆಟ್ಟು, ಇಷ್ಟನ್ನು ಗಾಡಿಯ ಹಿಂದೆ ಬಚ್ಚಿಡಬೇಡಿ. ಗಿರಾಕಿ ನಿಲ್ಲುವ ಕಡೆಯೇ ಇಡಿ. ಅವನೂ ತಿನ್ನುವ ಮೊದಲು ಕೈ ತೊಳೆಯಲಿ, ನೀವು ತೊಳೆಯುವುದನ್ನೂ ನೋಡಲಿ. ಕ್ಯಾನು ಸಂಜೆಗೆ ಎರಡು ಸಲ ತುಂಬಿಸಬೇಕಾಗಬಹುದು, ಅದಕ್ಕೊಬ್ಬ ಹುಡುಗನನ್ನು ಗೊತ್ತು ಮಾಡಿಕೊಳ್ಳಿ.